ಬಿಳಿ ರುಮಾಲು, ಸುಣ್ಣದ ಗೋಡೆ
ಹಿನ್ನೆಲೆ ತೆಗೆಯಬೇಕಾದ ಫೋಟೊ ಇದ್ದರೆ ಮನುಷ್ಯನನ್ನು ಗೋಡೆಗೆ ಒರಗಿಸಬೇಡ್ರಿ. ಬಟ್ಟೆಗಿಂತ ಬೇರೆ ಬಣ್ಣದ ಗೋಡೆಯಿಂದ ನಾಲ್ಕೈದು ಅಡಿ ಮುಂದೆ ನಿಲ್ಲಿಸ್ರಿ, ನೆರಳೂ ಗೋಡೆ ಮೇಲೆ ಗಟ್ಟಿಯಾಗಿ ಬೀಳೋದಿಲ್ಲ. ಹಿನ್ನೆಲೆ ತೆಗೆಯುವ ಆ್ಯಪ್ ಪ್ರತಿ ಪಿಕ್ಸೆಲ್ಲಿಗೂ ಅದು ಎಷ್ಟು ಪಾಲು ಮನುಷ್ಯ ಅಂತ 0ಯಿಂದ 1ರೊಳಗೆ ಅಂಕ ಕೊಡುತ್ತದೆ: 1 ಉಳಿಯುತ್ತದೆ, 0 ಹೋಗುತ್ತದೆ, ಕೂದಲಂಚಿನಲ್ಲಿ 0.5 ಬಂದರೆ ಅರ್ಧ ಪಾರದರ್ಶಕವಾಗುತ್ತದೆ. ನಮ್ಮ ಕೊಪ್ಪಳದ ಹಳ್ಳಿಗಳಲ್ಲಿ ಅಜ್ಜನ ಬಿಳಿ ರುಮಾಲು ಸುಣ್ಣದ ಗೋಡೆಯೊಳಗೆ ಕರಗಿ, ಇಲಿ ಕಡಿದಂತೆ ಕಾಣುವುದು ಇದಕ್ಕೇ. ಎರಡೂ ಬಿಳುಪು, ಗೆರೆ ಎಲ್ಲಿ ಹಾಕಬೇಕೆಂದು ಆ್ಯಪ್‌ಗೆ ತಿಳಿಯೋದಿಲ್ಲ. ಹಿನ್ನೆಲೆ ತೆಗೆದ ಮೇಲೆ ಹಿಂದೆ ಕಡುನೀಲಿ ಹಾಕಿ ನೋಡ್ರಿ, ಉಳಿದ ಬಿಳಿ ಅಂಚು ಎದ್ದು ಕಾಣುತ್ತದೆ. ತೆಳು ಸೆರಗಿಗೆ ಮಾತ್ರ ಈ ಉಪಾಯ ಸಾಲದು: ಹಿಂದಿನ ಗೋಡೆಯ ಬಣ್ಣ ಅದರೊಳಗೇ ಬೆರೆತಿರುತ್ತದೆ, ಬ್ರಷ್ ಹಿಡಿದು ಕೈಯಿಂದಲೇ ತಿದ್ದಬೇಕು.