ಕಂತು ಕಟ್ಟಿದರೆ ಸಾಕೇ? ಮನೆ ಸಾಲಕ್ಕೆ ಮುಂಚೆ ಮಾಡಬೇಕಾದ ಲೆಕ್ಕ

ಮನೆ ಸಾಲ ತೆಗೆದುಕೊಳ್ಳಲು ಹೊರಟವರು ಮೊದಲು ಕೇಳುವುದು ‘ತಿಂಗಳಿಗೆ ಕಂತು ಎಷ್ಟು ಬರುತ್ತೆ?’ ಅಂತ. ಉತ್ತರ ಸಿಕ್ಕ ಮೇಲೆ ಸಂಬಳದಲ್ಲಿ ಅದನ್ನು ಕಳೆದು, ಉಳಿದದ್ದರಲ್ಲಿ ಸಂಸಾರ ನಡೆಯುತ್ತದೆಯೇ ಎಂದು ನೋಡುತ್ತಾರೆ. ನಡೆಯುತ್ತದೆ ಅನ್ನಿಸಿದರೆ ಸಹಿ. ಆದರೆ ಕಂತು ಅನ್ನುವುದು ಸಾಲದ ಖರ್ಚು. ಮನೆಯ ಖರ್ಚು ಅದರ ಪಕ್ಕದಲ್ಲೇ ಬೇರೆಯಾಗಿ ಓಡುತ್ತಿರುತ್ತದೆ, ಸಾಲ ತೀರಿದ ಮೇಲೂ ಓಡುತ್ತದೆ.

ಅದನ್ನು ಸಹಿಗೆ ಮುಂಚೆಯೇ ಕಾಗದದ ಮೇಲೆ ಇಳಿಸುವುದು ಕಷ್ಟವೇನಲ್ಲ. ಒಂದು ಉದಾಹರಣೆ ಹಿಡಿದುಕೊಂಡು ಮಾಡೋಣ. ಮನೆಯ ಬೆಲೆ ಎಷ್ಟೇ ಇರಲಿ, ಅದನ್ನು 10,000 ಪಾಲು ಎಂದಿಟ್ಟುಕೊಳ್ಳಿ. ಆಗ ಯಾವ ಊರಿನ ಮನೆಗೂ ಈ ಲೆಕ್ಕವನ್ನು ಹೊಂದಿಸಿಕೊಳ್ಳಬಹುದು. ಮನೆ ಒಂದು ಫ್ಲ್ಯಾಟ್, ಕಟ್ಟಡದಲ್ಲಿ 24 ಮನೆಗಳಿವೆ, ಕಟ್ಟಿ 12 ವರ್ಷ ಆಗಿದೆ. ಕೈಯಿಂದ 2,000 ಪಾಲು, ಸಾಲ 8,000 ಪಾಲು. ಬಡ್ಡಿ ಶೇಕಡಾ 8, ಅವಧಿ 20 ವರ್ಷ. ತಿಂಗಳ ಕಂತು ಸುಮಾರು 67 ಪಾಲು ಬರುತ್ತದೆ. ಈ 67 ನೆನಪಿರಲಿ.

ಹೆಜ್ಜೆ 1: ಕೀಲಿ ಕೈಗೆ ಬರುವಷ್ಟರಲ್ಲಿ ಆಗುವ ಖರ್ಚು

‘ಕೈಯಿಂದ 2,000 ಹಾಕಿದರೆ ಸಾಕು’ ಎಂದು ನಂಬಿದವರು ಮೊದಲು ಎಡವುವುದು ಇಲ್ಲಿ. ನೋಂದಣಿ ಮತ್ತು ಮುದ್ರಾಂಕ ಶುಲ್ಕ ಊರಿಂದ ಊರಿಗೆ ಬೇರೆ. ಕೆಲವು ಕಡೆ ಬೆಲೆಯ ಶೇಕಡಾ 1–2ರಲ್ಲಿ ಮುಗಿಯುತ್ತದೆ, ಕೆಲವು ಕಡೆ 10ರ ಹತ್ತಿರ ಹೋಗುತ್ತದೆ. ನಮ್ಮ ಲೆಕ್ಕಕ್ಕೆ 700 ಪಾಲು ಹಿಡಿಯೋಣ. ಕಾಗದಪತ್ರ ನೋಡುವ ವಕೀಲರು, ಮನೆಯ ಬೆಲೆ ಕಟ್ಟುವವರು, ಸಾಲದ ಪ್ರೊಸೆಸಿಂಗ್ ಶುಲ್ಕ ಎಲ್ಲ ಸೇರಿ 100. ದಲ್ಲಾಳಿಗೆ 100. ಒಳಗೆ ಹೋಗುವ ಮುಂಚೆ ಬಣ್ಣ, ಬೀಗ, ಫ್ಯಾನು, ಅಡುಗೆಮನೆಯ ಕಪಾಟು, ಸಾಮಾನು ಸಾಗಿಸುವ ಗಾಡಿ, ಇವಕ್ಕೆ 400. ಒಟ್ಟು 1,300 ಆಯಿತು.

ಸಾಲವನ್ನು ಸಾಮಾನ್ಯವಾಗಿ ಮನೆಯ ಬೆಲೆಯ ಮೇಲೆ ಕೊಡುತ್ತಾರೆ, ಈ ಖರ್ಚುಗಳ ಮೇಲೆ ಅಲ್ಲ. ಅಂದರೆ ಕೈಯಲ್ಲಿ ಇರಬೇಕಾದದ್ದು 3,300. ಇನ್ನೊಂದು ವಿಷಯ. ಮಾತಾಡಿಕೊಂಡ ಬೆಲೆಗಿಂತ ಸರ್ಕಾರ ಆ ಜಾಗಕ್ಕೆ ಕಟ್ಟಿದ ಬೆಲೆ ಜಾಸ್ತಿ ಇದ್ದರೆ, ಹಲವು ಕಡೆ ಶುಲ್ಕವನ್ನು ಆ ಜಾಸ್ತಿ ಬೆಲೆಯ ಮೇಲೆಯೇ ಹಾಕುತ್ತಾರೆ. ಚೌಕಾಸಿ ಮಾಡಿ ಬೆಲೆ ಇಳಿಸಿದೆವು ಎಂದು ಖುಷಿಪಡುವ ಮುಂಚೆ ಇದನ್ನು ಕೇಳಿಕೊಳ್ಳಿ.

ಕಡಿಮೆ ಬಿದ್ದ 1,300ನ್ನು ಎಲ್ಲಿಂದ ತರುತ್ತಾರೆ? ಬಹಳ ಸಲ ಪರ್ಸನಲ್ ಲೋನ್‌ನಿಂದ. ಅದಕ್ಕೆ ಬಡ್ಡಿ ಜಾಸ್ತಿ, ಅವಧಿ ಕಡಿಮೆ. ಶೇಕಡಾ 14ರಂತೆ 5 ವರ್ಷಕ್ಕೆ ತೆಗೆದರೆ ತಿಂಗಳಿಗೆ 30 ಪಾಲು ಕಟ್ಟಬೇಕು. 67 ಎಂದುಕೊಂಡದ್ದು ಮೊದಲ ದಿನದಿಂದಲೇ 97 ಆಗಿ ಕೂತಿತು. ಹಾಗಾಗಿ 3,300 ಕೂಡುವ ತನಕ ಕಾಯುವುದೇ ಸರಿ ಎಂದು ನನ್ನ ಅನಿಸಿಕೆ.

ಹೆಜ್ಜೆ 2: ಪ್ರತಿ ವರ್ಷ ತಪ್ಪದೆ ಬರುವ ಬಿಲ್ಲುಗಳು

ಇದು ಸುಲಭ, ಯಾಕೆಂದರೆ ಇವಕ್ಕೆಲ್ಲ ರಸೀದಿ ಇರುತ್ತದೆ. ಮಾರುವವರ ಹತ್ತಿರ ಕಳೆದ ವರ್ಷದ ಮೇಂಟೆನೆನ್ಸ್ ರಸೀದಿ, ಮನೆ ತೆರಿಗೆಯ ರಸೀದಿ ಕೇಳಿ. ಬಾಯಿಮಾತಿನ ಅಂದಾಜು ಬೇಡ. ನಮ್ಮ ಫ್ಲ್ಯಾಟಿಗೆ ಮೇಂಟೆನೆನ್ಸ್ ತಿಂಗಳಿಗೆ 6 ಪಾಲು. ತೆರಿಗೆ ಮತ್ತು ಮನೆಯ ವಿಮೆ ಸೇರಿ ವರ್ಷಕ್ಕೆ 36, ಅಂದರೆ ತಿಂಗಳಿಗೆ 3. ವರ್ಷಕ್ಕೊಮ್ಮೆ ಕಟ್ಟುವುದನ್ನೂ 12ರಿಂದ ಭಾಗಿಸಿ ತಿಂಗಳ ಲೆಕ್ಕಕ್ಕೇ ತನ್ನಿ.

ಹೆಜ್ಜೆ 3: ರಿಪೇರಿ

ಜನ ಬಿಟ್ಟುಬಿಡುವುದು ಇದನ್ನೇ. ರಿಪೇರಿಗೆ ರಸೀದಿ ಇಲ್ಲ, ತಾರೀಕು ಇಲ್ಲ. ಮೂರು ವರ್ಷ ಏನೂ ಇಲ್ಲದೆ ಹೋಗಿ, ನಾಲ್ಕನೇ ವರ್ಷ ಒಟ್ಟಿಗೆ ಬರುತ್ತದೆ.

ಮನೆ ಬೆಲೆಯ ಶೇಕಡಾ 1ನ್ನು ಪ್ರತಿ ವರ್ಷ ರಿಪೇರಿಗೆ ಎತ್ತಿಡಿ ಎಂಬ ಸೂತ್ರ ಬಹಳ ಕಡೆ ಓಡಾಡುತ್ತದೆ. ಏನೂ ಇಲ್ಲದ್ದಕ್ಕಿಂತ ಅದು ವಾಸಿ. ಆದರೆ ಅದರಲ್ಲಿ ಒಂದು ದೋಷ ಇದೆ. ಮನೆಯ ಬೆಲೆಯಲ್ಲಿ ಜಾಗದ ಬೆಲೆಯೂ ಸೇರಿರುತ್ತದೆ, ಜಾಗ ಸವೆಯುವುದಿಲ್ಲ. ಇದೇ ಫ್ಲ್ಯಾಟು ದುಬಾರಿ ಬಡಾವಣೆಯಲ್ಲಿದ್ದು ಬೆಲೆ ಎರಡು ಪಟ್ಟಾದರೆ, ಬಚ್ಚಲುಮನೆಯ ಪೈಪು ಬದಲಿಸುವ ಖರ್ಚೂ ಎರಡು ಪಟ್ಟಾಗುತ್ತದೆಯೇ? ಇಲ್ಲ. ಜೊತೆಗೆ ಆ ಸೂತ್ರಕ್ಕೆ ಕಟ್ಟಡದ ವಯಸ್ಸು ಗೊತ್ತಿಲ್ಲ.

ಅದರ ಬದಲು ಹೀಗೆ ಮಾಡಿ. ಹಾಳಾಗುವ ದೊಡ್ಡ ವಸ್ತುಗಳನ್ನು ಒಂದೊಂದಾಗಿ ಬರೆಯಿರಿ. ಇವತ್ತು ಬದಲಿಸಿದರೆ ಎಷ್ಟು ಖರ್ಚು ಎಂದು ಆ ಕೆಲಸದವರನ್ನೇ ಕೇಳಿ. ಅದನ್ನು ಉಳಿದಿರುವ ತಿಂಗಳುಗಳಿಂದ ಭಾಗಿಸಿ. ಒಟ್ಟು ಆಯಸ್ಸಿನಿಂದ ಅಲ್ಲ, ಉಳಿದ ಆಯಸ್ಸಿನಿಂದ. ಹಳೆಯ ಮನೆ ಕೊಳ್ಳುವವರು ತಪ್ಪುವುದು ಇಲ್ಲೇ. ಹಿಂದಿನವರು ಬಳಸಿ ಸವೆಸಿದ ವರ್ಷಗಳಿಗೆ ಅವರು ಹಣ ಎತ್ತಿಟ್ಟಿರುವುದಿಲ್ಲ, ಆ ಭಾರವೂ ನಿಮ್ಮ ಮೇಲೆಯೇ ಬೀಳುತ್ತದೆ.

ನಮ್ಮ ಫ್ಲ್ಯಾಟಿನ ಎರಡು ಬಚ್ಚಲುಮನೆಗಳನ್ನೇ ನೋಡಿ. ಟೈಲ್ಸ್ ಕಿತ್ತು, ಪೈಪು ಬದಲಿಸಿ, ವಾಟರ್‌ಪ್ರೂಫಿಂಗ್ ಮಾಡಿ ಮತ್ತೆ ಟೈಲ್ಸ್ ಹಾಕಲು 240 ಪಾಲು ಎಂದಿಟ್ಟುಕೊಳ್ಳಿ. ಆಗಲೇ 12 ವರ್ಷ ಕಳೆದಿದೆ, ಇನ್ನೊಂದು 5 ವರ್ಷ ತಳ್ಳಬಹುದು. 240ನ್ನು 60 ತಿಂಗಳಿಂದ ಭಾಗಿಸಿದರೆ ತಿಂಗಳಿಗೆ 4. ಒಳಗಿನ ಬಣ್ಣ 72 ಪಾಲು, 6 ವರ್ಷಕ್ಕೊಮ್ಮೆ, ತಿಂಗಳಿಗೆ 1. ಗೀಸರ್, ನಲ್ಲಿ ಮುಂತಾದವಕ್ಕೆ 48, ಅವು 4 ವರ್ಷದೊಳಗೆ ಕೈಕೊಡುತ್ತವೆ ಎಂದುಕೊಂಡರೆ ಮತ್ತೆ 1. ವೈರಿಂಗ್ 180, ಇನ್ನೂ 15 ವರ್ಷ ಬರಬಹುದು, ಅದಕ್ಕೂ 1. ಮನೆಯೊಳಗಿನದು ಒಟ್ಟು 7 ಪಾಲು.

ಇನ್ನು 24 ಮನೆಯವರೂ ಸೇರಿ ಮಾಡಿಸಬೇಕಾದದ್ದು. ಲಿಫ್ಟ್ ಸುಮಾರು 20 ವರ್ಷ ನಡೆಯುತ್ತದೆ ಎಂದಿಟ್ಟುಕೊಂಡರೆ ಉಳಿದದ್ದು 8 ವರ್ಷ. ಹೊಸದಕ್ಕೆ ನಮ್ಮ ಮನೆಯ ಪಾಲು 192 ಎಂದಾದರೆ ತಿಂಗಳಿಗೆ 2. ತಾರಸಿಯ ವಾಟರ್‌ಪ್ರೂಫಿಂಗ್‌ಗೆ ನಮ್ಮ ಪಾಲು 36, ಹೊರಗಿನ ಬಣ್ಣಕ್ಕೆ 72. ಎರಡೂ 3 ವರ್ಷದೊಳಗೆ ಆಗಬೇಕು ಎಂದರೆ ತಿಂಗಳಿಗೆ 1 ಮತ್ತು 2. ಇಲ್ಲಿಗೆ 5. ರಿಪೇರಿ ಒಟ್ಟು 12 ಪಾಲು.

ವರ್ಷಕ್ಕೆ 144 ಆಯಿತು. ಶೇಕಡಾ 1ರ ಸೂತ್ರ 100 ಎಂದಿತ್ತು.

ಹೆಜ್ಜೆ 4: ಉಳಿದ ಆಯಸ್ಸನ್ನು ಕಣ್ಣಾರೆ ನೋಡಿ

ಮೇಲಿನ ವರ್ಷಗಳು ಅಂದಾಜು. ಮನೆಗೆ ಹೋಗಿ ಸರಿಮಾಡಿಕೊಳ್ಳಬೇಕು. ಬಚ್ಚಲುಮನೆಯ ಒಳಗೆ ನೋಡುವುದಕ್ಕಿಂತ ಅದರ ಗೋಡೆಯ ಆ ಕಡೆಗೆ ಹೋಗಿ ನೋಡಿ. ಕೋಣೆಯ ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿದ್ದರೆ, ಬಿಳಿ ಪುಡಿ ಎದ್ದಿದ್ದರೆ ನೀರು ಒಳಗೊಳಗೆ ಇಳಿಯುತ್ತಿದೆ. ಆಗ 5 ವರ್ಷ ಅನ್ನುವುದನ್ನು ಹೊಡೆದುಹಾಕಿ, 240ನ್ನು ಪೂರ್ತಿಯಾಗಿ ಹೆಜ್ಜೆ 1ಕ್ಕೆ ಸೇರಿಸಿ. ಕೆಳಗಿನ ಮನೆಯವರನ್ನು ‘ಮೇಲಿಂದ ಸೋರುತ್ತಾ?’ ಎಂದು ಕೇಳಿದರೆ ಇನ್ನೂ ಬೇಗ ಗೊತ್ತಾಗುತ್ತದೆ. ಅವರಿಗೆ ಮನೆ ಮಾರುವ ಅವಸರ ಇರುವುದಿಲ್ಲವಲ್ಲ! ನಾನು ಮನೆ ನೋಡಲು ಹೋದಾಗ ಒಂದು ಕೋಣೆಯ ಸೂರಿನ ಮೂಲೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರು. ಎಷ್ಟು ನೀಟಾಗಿ ಇಟ್ಟುಕೊಂಡಿದ್ದಾರೆ ಎಂದುಕೊಂಡೆ. ಮೊದಲ ಮಳೆಗೆ ಕಾರಣ ತಿಳಿಯಿತು.

ಕಂಬ, ತೊಲೆಗಳಲ್ಲಿ ಒಳಗಿನ ಕಬ್ಬಿಣದ ಉದ್ದಕ್ಕೂ ನೇರವಾಗಿ ಬಿರುಕು ಹೋಗಿ, ಕಂದು ಕಲೆ ಇಳಿದಿದ್ದರೆ ಅದು ಈ ಪಟ್ಟಿಯ ರಿಪೇರಿಯೇ ಅಲ್ಲ. ಕಬ್ಬಿಣ ತುಕ್ಕು ಹಿಡಿದರೆ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನು ಒಳಗಿಂದ ಸೀಳುತ್ತದೆ. ಅಲ್ಲಿ ಎಂಜಿನಿಯರ್ ನೋಡಿ ಹೇಳುವ ತನಕ ಮುಂಗಡ ಕೊಡಬೇಡಿ.

ಫ್ಲ್ಯಾಟಾದರೆ ಸಂಘದ 3 ವರ್ಷದ ಲೆಕ್ಕಪತ್ರ ಮತ್ತು ಸಭೆಯ ನಡಾವಳಿ ಓದಿ. ದೊಡ್ಡ ರಿಪೇರಿಗೆಂದು ನಿಧಿ ಕೂಡಿಟ್ಟಿದ್ದಾರೆಯೇ ಎಂಬುದು ಮುಖ್ಯ. ಕೂಡಿಟ್ಟಿದ್ದರೆ ನಮ್ಮ 5 ಪಾಲಿನಲ್ಲಿ ಅಷ್ಟು ಇಳಿಯುತ್ತದೆ. ಮೇಂಟೆನೆನ್ಸ್ ಅಕ್ಕಪಕ್ಕದ ಕಟ್ಟಡಗಳಿಗಿಂತ ಬಹಳ ಕಡಿಮೆ ಇದ್ದು ನಿಧಿ ಖಾಲಿ ಇದ್ದರೆ, ಅದು ಅಗ್ಗದ ಕಟ್ಟಡ ಅಲ್ಲ, ಬಿಲ್ಲನ್ನು ಮುಂದೂಡಿದ ಕಟ್ಟಡ.

ಹೆಜ್ಜೆ 5: ಸಾಲವನ್ನು ಹಿಂದಿನಿಂದ ಲೆಕ್ಕ ಹಾಕಿ

ಈಗ ಕೂಡೋಣ. ಕಂತು 67, ಮೇಂಟೆನೆನ್ಸ್ 6, ತೆರಿಗೆ-ವಿಮೆ 3, ರಿಪೇರಿ 12. ಒಟ್ಟು 88. ಕಂತಿನ ಮೇಲೆ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಜಾಸ್ತಿ.

ನಿಮ್ಮಿಂದ ಮನೆಗೆಂದು ತಿಂಗಳಿಗೆ ತೆಗೆಯಲು ಆಗುವುದು 75 ಎನ್ನಿ. 67ರ ಕಂತು ಅದರೊಳಗೆ ಆರಾಮಾಗಿ ಕೂರುವಂತೆ ಕಾಣುತ್ತದೆ, ಸಾಲ ಕೊಡುವವರೂ ಹಾಗೇ ಹೇಳಬಹುದು. ಆದರೆ 75ರಲ್ಲಿ ಮೊದಲು ಮೇಂಟೆನೆನ್ಸ್, ತೆರಿಗೆ-ವಿಮೆ, ರಿಪೇರಿ ಸೇರಿದ 21 ಕಳೆಯಿರಿ. ಕಂತಿಗೆ ಉಳಿಯುವುದು 54. ಅದೇ ಬಡ್ಡಿ, ಅದೇ ಅವಧಿಗೆ 54ರ ಕಂತಿಗೆ ಸಿಗುವ ಸಾಲ ಸುಮಾರು 6,450. ನಿಮಗೆ ಸರಿಹೊಂದುವ ಸಾಲ ಅದು, 8,000 ಅಲ್ಲ. ಮಿಕ್ಕ 1,550ಕ್ಕೆ ಇನ್ನಷ್ಟು ಉಳಿತಾಯ ಬೇಕು, ಇಲ್ಲವೇ ಚಿಕ್ಕ ಮನೆ ನೋಡಬೇಕು.

ಬಡ್ಡಿ ಬದಲಾಗದಿದ್ದರೆ ಕಂತು 20 ವರ್ಷವೂ ಅಷ್ಟೇ ಇರುತ್ತದೆ. ಆ 21 ಹಾಗಲ್ಲ, ಕೂಲಿ ಮತ್ತು ಸಾಮಾನಿನ ಬೆಲೆಯ ಜೊತೆ ಏರುತ್ತದೆ. ವರ್ಷಕ್ಕೆ ಶೇಕಡಾ 6 ಏರಿದರೆ 12 ವರ್ಷಕ್ಕೆ ಎರಡು ಪಟ್ಟು, ಅಂದರೆ 42. ಸಂಬಳವೂ ಏರುತ್ತದೆ ನಿಜ. ನಿವೃತ್ತಿಗೆ 10–12 ವರ್ಷ ಇರುವವರು ಮಾತ್ರ ಈ ಸಾಲನ್ನು ಎರಡು ಸಲ ಓದಿಕೊಳ್ಳಲಿ.

ಹೆಜ್ಜೆ 6: ಆರು ತಿಂಗಳು ತಾಲೀಮು

ಅರ್ಜಿ ಹಾಕುವ ಮುಂಚೆ, ಮನೆ ಆಗಲೇ ನಿಮ್ಮದಾಗಿದೆ ಎಂಬಂತೆ ಬದುಕಿ ನೋಡಿ. ಸಾಲ 6,450 ಆದರೆ ತಿಂಗಳ ಒಟ್ಟು ಖರ್ಚು 54 ಮತ್ತು 21 ಸೇರಿ 75. ಈಗ ಬಾಡಿಗೆ 40 ಕೊಡುತ್ತಿದ್ದರೆ, ಉಳಿದ 35ನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕಿ, ಮುಟ್ಟಬೇಡಿ. ಎರಡನೇ ತಿಂಗಳಲ್ಲೇ ಅದರಿಂದ ವಾಪಸ್ ತೆಗೆಯಬೇಕಾಗಿ ಬಂದರೆ ಲೆಕ್ಕದಲ್ಲಿ ಏನೋ ಬಿಟ್ಟಿದ್ದೀರಿ. ಏನು ಬಿಟ್ಟಿರಿ ಎಂದು ಆಗಲೇ ಬರೆದಿಟ್ಟುಕೊಳ್ಳಿ. ಆರು ತಿಂಗಳು ದಾಟಿದರೆ ಖಾತೆಯಲ್ಲಿ 210 ಪಾಲು ಇರುತ್ತದೆ.

ಮನೆ ಕೊಂಡ ಮೇಲೂ ಆ ಖಾತೆಯನ್ನು ಮುಚ್ಚಬೇಡಿ. ರಿಪೇರಿಯ 12 ಪಾಲು ಪ್ರತಿ ತಿಂಗಳು ಅಲ್ಲಿಗೇ ಹೋಗಲಿ. ಹಣ ಸುಮ್ನೆ ಕೂತಿದೆ, ಸಾಲದ ಅಸಲಿಗೆ ಕಟ್ಟಿಬಿಡೋಣ ಎಂಬ ಆಸೆ ಖಂಡಿತ ಬರುತ್ತದೆ. ಹಾಗೆ ಕಟ್ಟಿದರೆ ಶೇಕಡಾ 8ರ ಬಡ್ಡಿ ಉಳಿಯುತ್ತದೆ. ಮರುತಿಂಗಳು ಬಚ್ಚಲುಮನೆ ಸೋರಿದರೆ ಆ 240ನ್ನು ಶೇಕಡಾ 14ಕ್ಕೆ ಸಾಲ ತರಬೇಕಾಗುತ್ತದೆ.