ದೊಡ್ಡಪ್ಪನ ಹದಿಮೂರು ದಿನಕ್ಕೆ ಆಫೀಸಲ್ಲಿ ರಜೆ ಕೇಳಿದ್ದು: ನನ್ನ ಅನುಭವ

ನಮ್ಮ ಕಂಪನಿ ಪಾಲಿಸೀಲಿ ಸಾವಿನ ರಜೆ ಮೂರು ದಿನ. ಅದೂ ಅಪ್ಪ ಅಮ್ಮ, ಗಂಡ ಹೆಂಡತಿ, ಮಕ್ಕಳು, ಒಡಹುಟ್ಟಿದವರು ತೀರಿಕೊಂಡ್ರೆ ಮಾತ್ರ. ದೊಡ್ಡಪ್ಪ ಆ ಪಟ್ಟೀಲೇ ಇಲ್ಲ. ಆದ್ರೆ ನಮ್ಮ ದೊಡ್ಡಪ್ಪಂಗೆ ಮಕ್ಕಳಿರಲಿಲ್ಲ, ನಮ್ಮಪ್ಪ ಹೋಗಿ ಎಷ್ಟೋ ವರ್ಷ ಆಗಿದೆ, ಹಾಗಾಗಿ ಕರ್ಮ ಮಾಡೋ ಕರ್ತೃ ನಾನೇ. ಮೈಸೂರಿನ ಸ್ಮಾರ್ತರ ಮನೆ, ಹದಿಮೂರು ದಿನವೂ ಆಗ್ಬೇಕು. ಇದೇ ಪರಿಸ್ಥಿತೀಲಿ ಇರೋರಿಗೆ ಉಪಯೋಗ ಆಗ್ಲಿ ಅಂತ ನಾನು ಏನೇನು ಮಾಡ್ದೆ ಅಂತ ಬರೀತಿದೀನಿ.

ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಹೋದ್ರು, ಅವತ್ತೇ ಮಧ್ಯಾಹ್ನ ದಹನ ಆಯ್ತು. ಬೆಂಗಳೂರಿಂದ ಹೊರಡುವಾಗ ಮ್ಯಾನೇಜರ್‌ಗೆ ಒಂದು ವಾಟ್ಸಾಪ್ ಹಾಕಿದ್ದೆ ಅಷ್ಟೇ, ದೊಡ್ಡಪ್ಪ ತೀರಿಕೊಂಡ್ರು, ನಾನೇ ಕ್ರಿಯೆ ಮಾಡ್ಬೇಕು, ಎಷ್ಟು ದಿನ ಅಂತ ನಾಳೆ ಸಂಜೆಯೊಳಗೆ ಮೇಲ್ ಮಾಡ್ತೀನಿ ಅಂತ. ಅವತ್ತು ದಿನದ ಲೆಕ್ಕ ಕೊಡೋಕೆ ಹೋಗ್ಲಿಲ್ಲ. ಪುರೋಹಿತರನ್ನ ಕೇಳದೆ ತಾರೀಖು ಹೇಳಿದ್ರೆ ಆಮೇಲೆ ಬದಲಾಯಿಸ್ಬೇಕಾಗುತ್ತೆ, ಅದರಲ್ಲೂ ರಾತ್ರಿ ಹೊತ್ತು ಹೋಗಿದ್ರೆ ಅಥವಾ ದಹನ ಮಾರನೇ ದಿನ ಆಗಿದ್ರೆ ಮೊದಲನೇ ದಿನ ಯಾವುದು ಅನ್ನೋದೇ ಮನೆ ಪದ್ಧತಿ ಮೇಲೆ ಹೋಗುತ್ತೆ.

ಮಾರನೇ ದಿನ ಪುರೋಹಿತರ ಹತ್ರ ಕೂತು ನಾನು ಕೇಳಿದ್ದು ಎರಡೇ ಪ್ರಶ್ನೆ. ಯಾವ್ಯಾವ ದಿನ ನಾನು ಇಡೀ ದಿನ ಇರಲೇಬೇಕು, ಉಳಿದ ದಿನ ಎಷ್ಟು ಹೊತ್ತಿಗೆ ಕರ್ಮ ಮುಗಿಯುತ್ತೆ. ಅವರು ಪಂಚಾಂಗ ತೆಗೆದು ಒಂದು ಹಾಳೆ ಮೇಲೆ ಬರೆದುಕೊಟ್ರು. ಮೂರನೇ ದಿನ ಗುರುವಾರ ಅಸ್ಥಿಸಂಚಯನ, ಆಮೇಲೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ವಿಸರ್ಜನೆ, ಅದು ಇಡೀ ದಿನ. ನಾಲ್ಕರಿಂದ ಒಂಬತ್ತನೇ ದಿನದವರೆಗೆ ಬೆಳಿಗ್ಗೆ ಸ್ನಾನ ಮಾಡಿ ತಿಲೋದಕ, ಪಿಂಡ, ಹೆಚ್ಚುಕಮ್ಮಿ ಮಧ್ಯಾಹ್ನದೊಳಗೆ ಮುಗಿಯುತ್ತೆ. ಹತ್ತನೇ ದಿನ ಗುರುವಾರ, ದಾಯಾದಿಗಳೆಲ್ಲ ಬಂದು ಧರ್ಮೋದಕ ಬಿಡೋ ದಿನ, ಅದು ಇಡೀ ದಿನ. ಹನ್ನೊಂದು ಶುಕ್ರವಾರ ಏಕೋದ್ದಿಷ್ಟ. ಹನ್ನೆರಡು ಶನಿವಾರ ಸಪಿಂಡೀಕರಣ. ಹದಿಮೂರು ಭಾನುವಾರ ವೈಕುಂಠ ಸಮಾರಾಧನೆ, ಶುಭಸ್ವೀಕಾರ.

ದೂರದಲ್ಲಿರೋರಿಗೆ ಕೆಲವು ಮನೆಗಳಲ್ಲಿ ನಡುವಿನ ದಿನಗಳ ಪಿಂಡವನ್ನೆಲ್ಲ ಒಂಬತ್ತನೇ ದಿನವೋ ಹತ್ತನೇ ದಿನವೋ ಸೇರಿಸಿ ಮಾಡಿಸ್ತಾರೆ. ನಮ್ಮ ಪುರೋಹಿತರೂ ಬೇಕಾದ್ರೆ ಹಾಗೆ ಮಾಡಬಹುದು ಅಂದ್ರು. ನಾನು ಬೇಡ ಅಂದೆ. ನಮ್ಮಪ್ಪ ಹೋದ್ಮೇಲೆ ನನ್ನ ಫೀಸು ಕಟ್ಟಿದ್ದು, ಕಾಲೇಜಿಗೆ ಸೇರಿಸಿದ್ದು ಅವರು, ಅವರಿಗೆ ದಿನಾ ಒಂದು ಪಿಂಡ ಇಡೋಕೆ ಆಗಲ್ಲ ಅಂದ್ರೆ ಹೆಂಗೆ. ಆದ್ರೆ ಹಾಗೊಂದು ದಾರಿ ಇದೆ ಅಂತ ಗೊತ್ತಿದ್ರೆ, ರಜೆ ಒಂಚೂರೂ ಹುಟ್ಟದೇ ಇರೋರಿಗೆ ಉಪಯೋಗ ಆಗುತ್ತೆ, ಅವರವರ ಪುರೋಹಿತರನ್ನ ಕೇಳಿ.

ಈಗ ಆ ಹಾಳೆನ ಕ್ಯಾಲೆಂಡರ್ ಮೇಲಿಟ್ಟು ನೋಡಿ. ಹದಿಮೂರು ದಿನ ಅಂದ ತಕ್ಷಣ ಮ್ಯಾನೇಜರ್ ಕಿವಿಗೆ ಅದು ಎರಡು ವಾರಕ್ಕಿಂತ ಜಾಸ್ತಿ ಅನ್ನೋ ಥರ ಕೇಳುತ್ತೆ, ಆದ್ರೆ ಮಂಗಳವಾರದಿಂದ ಎರಡನೇ ಭಾನುವಾರದವರೆಗೆ ಕೆಲಸದ ದಿನ ಒಂಬತ್ತೇ. ಅದರಲ್ಲಿ ನಾನು ಪೂರ್ತಿ ಸಿಗದೇ ಇರೋದು ಐದು ದಿನ, ಮೊದಲ ಮೂರು, ಆಮೇಲೆ ಹತ್ತು ಮತ್ತು ಹನ್ನೊಂದು. ಉಳಿದ ನಾಲ್ಕು ದಿನ ಮಧ್ಯಾಹ್ನದ ಮೇಲೆ ಲ್ಯಾಪ್‌ಟಾಪ್ ಮುಂದೆ ಕೂರಬಹುದು. ಸೂತಕದಲ್ಲಿ ಕೆಲಸ ಮಾಡಬಹುದಾ ಅಂತ ಪುರೋಹಿತರನ್ನೇ ಕೇಳ್ದೆ, ಬೇರೆಯವರ ಮನೆಗೆ, ಆಫೀಸಿಗೆ ಹೋಗಬೇಡ, ಒಪ್ಪೊತ್ತು ಊಟದ ನೇಮ ಬಿಡಬೇಡ, ಕೋಣೇಲಿ ಕೂತು ನಿನ್ನ ಕೆಲಸ ನೀನು ಮಾಡ್ಕೊಂಡ್ರೆ ಏನೂ ಕೆಡಲ್ಲ ಅಂದ್ರು.

ಇಷ್ಟಾದ್ಮೇಲೇ ಮೇಲ್ ಬರೆದದ್ದು. ಇದರಲ್ಲಿ ನನಗೆ ಮುಖ್ಯ ಅನಿಸಿದ್ದು ಒಂದೇ, ಎರಡು ವಿಷಯ ಬೇರೆ ಬೇರೆ ಮಾಡಿ ಕೇಳೋದು. ಈ ದಿನಗಳಲ್ಲಿ ನಾನು ಬರಲ್ಲ ಅನ್ನೋದು ಒಂದು. ಆ ದಿನಗಳನ್ನ ಯಾವ ರಜೆ ಖಾತೆಗೆ ಹಾಕೋದು ಅನ್ನೋದು ಇನ್ನೊಂದು. ಎರಡೂ ಸೇರಿಸಿ ಕೇಳಿದ್ರೆ ಎಚ್‌ಆರ್‌ನವರು ಪಾಲಿಸಿ ನೋಡಿ ದೊಡ್ಡಪ್ಪಂಗೆ ಬರಲ್ಲ ಅಂತ ರಿಜೆಕ್ಟ್ ಮಾಡಿಬಿಡ್ತಾರೆ, ಅಲ್ಲಿಗೆ ರಜೆನೇ ಇಲ್ಲ ಅಂತಾಗುತ್ತೆ, ನೀವು ಘಾಟಲ್ಲಿ ನಿಂತು ಫೋನಲ್ಲಿ ವಾದ ಮಾಡ್ತಿರ್ತೀರಿ. ಮೇಲ್ ಇಂಗ್ಲಿಷಲ್ಲೇ ಹಾಕಿದ್ದು, ಅದರ ಸಾರ ಇಷ್ಟು:

"ತೀರಿಕೊಂಡವರು ನನ್ನ ತಂದೆಯ ಅಣ್ಣ. ಅವರಿಗೆ ಮಕ್ಕಳಿಲ್ಲ, ಮಗ ಮಾಡಬೇಕಾದ ಅಂತ್ಯಕ್ರಿಯೆಗಳನ್ನು ಕುಟುಂಬದಲ್ಲಿ ನಾನೇ ಮಾಡುತ್ತಿದ್ದೇನೆ, ನನ್ನ ಬದಲು ಬೇರೆಯವರು ಕೂರುವಂತಿಲ್ಲ. ಈ ಮಂಗಳ, ಬುಧ, ಗುರುವಾರ ಮತ್ತು ಮುಂದಿನ ಗುರು, ಶುಕ್ರವಾರ ಪೂರ್ತಿ ರಜೆ ಬೇಕು. ಈ ಶುಕ್ರವಾರ ಪೂರ್ತಿ ದಿನದ ಕೆಲಸ ಮೈಸೂರಿಂದ ಮಾಡುತ್ತೇನೆ, ಮಧ್ಯಾಹ್ನ ಶುರು ಮಾಡಿ ರಾತ್ರಿಯವರೆಗೆ. ಮುಂದಿನ ಸೋಮ, ಮಂಗಳ, ಬುಧ ಅರ್ಧ ದಿನ ರಜೆ, ಅರ್ಧ ದಿನ ಕೆಲಸ. ಮೊದಲ ಮೂರು ದಿನವನ್ನು ಸಾವಿನ ರಜೆಯಾಗಿ ವಿಶೇಷವಾಗಿ ಪರಿಗಣಿಸಬೇಕು ಎಂದು ಕೋರುತ್ತೇನೆ. ಆಗದಿದ್ದರೆ ಅವನ್ನೂ ನನ್ನ ಗಳಿಕೆ ರಜೆಯಲ್ಲಿ ಕಳೆಯಿರಿ. ಆ ತೀರ್ಮಾನ ನಿಧಾನ ಆದರೂ ಪರವಾಗಿಲ್ಲ, ದಿನಗಳಿಗೆ ಮಾತ್ರ ಇವತ್ತು ಒಪ್ಪಿಗೆ ಬೇಕು."

ಕೊನೆಯ ವಾಕ್ಯ ಬಹಳ ಕೆಲಸ ಮಾಡ್ತು. ಮ್ಯಾನೇಜರ್ ಒಂದು ಗಂಟೆಯೊಳಗೆ ಒಪ್ಪಿಗೆ ಅಂತ ರಿಪ್ಲೈ ಹಾಕಿದ್ರು, ಯಾಕಂದ್ರೆ ಅವರು ಒಪ್ಪಬೇಕಾಗಿದ್ದು ಅವರ ಕೈಲಿರೋ ವಿಷಯಕ್ಕೆ ಮಾತ್ರ.

ಕಾನೂನು ಏನು ಹೇಳುತ್ತೆ ಅಂತನೂ ತಿಳ್ಕೊಂಡಿದ್ರೆ ಒಳ್ಳೇದು. ಕರ್ನಾಟಕದಲ್ಲಿ ಆಫೀಸುಗಳಿಗೆ ಅನ್ವಯ ಆಗೋದು 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದರಲ್ಲಿ ಸಾವಿಗೆ ಅಂತ ಪ್ರತ್ಯೇಕ ರಜೆ ಇಲ್ಲ. ಇಪ್ಪತ್ತು ದಿನ ಕೆಲಸಕ್ಕೆ ಒಂದು ದಿನ ಗಳಿಕೆ ರಜೆ ಇದೆ, ಅದಲ್ಲದೆ ವರ್ಷಕ್ಕೆ 12 ದಿನ ಕಾಯಿಲೆ, ಅಪಘಾತ ಅಥವಾ ಬೇರೆ ಸೂಕ್ತ ಕಾರಣಕ್ಕೆ ಸಂಬಳ ಸಹಿತ ರಜೆ ಇದೆ. ಅಂದ್ರೆ ಸಾವಿನ ರಜೆ ಕಂಪನಿ ತಾನಾಗೇ ಕೊಡೋದು, ಯಾರಿಗೆ ಕೊಡಬೇಕು ಅಂತ ಅವರೇ ಬರ್ಕೊಂಡಿರೋದು, ಹಾಗಾಗಿ ಒಂದು ಸಲಕ್ಕೆ ಹಿಗ್ಗಿಸೋಕೂ ಅವರಿಗೇ ಆಗುತ್ತೆ. ಅದನ್ನ ಹಕ್ಕು ಅಂತ ಕೇಳೋಕಾಗಲ್ಲ, ಕೋರಿಕೆ ಅಂತ ಕೇಳ್ಬೇಕು. ಗಳಿಕೆ ರಜೆ ಹಾಗಲ್ಲ, ಅದು ನಮ್ಮ ಖಾತೇಲಿ ಈಗಾಗಲೇ ಇರೋದು.

ಪೋರ್ಟಲ್‌ನಲ್ಲಿ ಒಂದು ಸಿಕ್ಕು ಇತ್ತು. ಸಾವಿನ ರಜೆ ಹಾಕುವಾಗ ಸಂಬಂಧ ಆಯ್ಕೆ ಮಾಡ್ಬೇಕು, ಅಲ್ಲಿ ದೊಡ್ಡಪ್ಪ ಇಲ್ಲ. ಟೀಮಿನ ಒಬ್ಬರು ಒಳ್ಳೆ ಮನಸಿಂದಲೇ, ತಂದೆ ಅಂತ ಹಾಕಿಬಿಡಿ ಸಾರ್, ಯಾರು ನೋಡ್ತಾರೆ ಅಂದ್ರು. ದಯವಿಟ್ಟು ಹಾಗೆ ಮಾಡಬೇಡಿ. ನನ್ನ ರೆಕಾರ್ಡಲ್ಲಿ ತಂದೆ ಹೆಸರಿನ ಹಿಂದೆ ದಿವಂಗತ ಅಂತ ಮೊದಲಿಂದ ಇದೆ, ಇಲ್ಲದಿದ್ರೂ ಇನ್ಶೂರೆನ್ಸಿಗೆ, ನಾಮಿನೇಶನ್‌ಗೆ ಕೊಟ್ಟಿರೋ ವಿವರದ ಜೊತೆ ಅದು ತಾಳೆ ಆಗಲ್ಲ, ಮರಣ ಪತ್ರದಲ್ಲಿ ಬೇರೆ ಹೆಸರು ಬಂದಾಗ ಸುಳ್ಳು ಮಾಹಿತಿ ಕೊಟ್ಟ ಹಾಗೆ ಆಗುತ್ತೆ, ಅದು ಶಿಸ್ತು ಕ್ರಮದವರೆಗೂ ಹೋಗಬಹುದು. ನಾನು ಸದ್ಯಕ್ಕೆ ಎಲ್ಲವನ್ನೂ ಗಳಿಕೆ ರಜೆ ಅಂತಲೇ ಹಾಕಿ, ಕಾಮೆಂಟಲ್ಲಿ ಮೇಲ್ ತಾರೀಖು ಬರೆದೆ. ಆಮೇಲೆ ಬದಲಾಯಿಸೋದು ಎಚ್‌ಆರ್ ಕೆಲಸ.

ಪುರಾವೆ ಕೇಳಿದ್ರು. ಮರಣ ಪ್ರಮಾಣಪತ್ರ ಅಷ್ಟು ಬೇಗ ಕೈಗೆ ಬರಲ್ಲ, ನೋಂದಣಿ ಮಾಡಿಸೋಕೇ ಕಾನೂನಲ್ಲಿ 21 ದಿನದ ಅವಕಾಶ ಇದೆ. ಆಸ್ಪತ್ರೆಯವರು ಕೊಟ್ಟ ಕಾಗದ, ಸ್ಮಶಾನದ ರಸೀತಿ, ಎರಡರ ಫೋಟೋ ಕಳಿಸಿ ಪ್ರಮಾಣಪತ್ರ ಬಂದ ಮೇಲೆ ಕೊಡ್ತೀನಿ ಅಂತ ಬರೆದೆ, ಸಾಕಾಯ್ತು. ಕಾಯಿಲೆ ವಿವರ, ಆಧಾರ್ ನಂಬರ್ ಇರೋ ಜಾಗ ಮುಚ್ಚಿ ಫೋಟೋ ತೆಗೀರಿ, ಅದು ಅವರಿಗೆ ಬೇಕಾಗಿಲ್ಲ.

ಇನ್ನು ಶನಿವಾರ ಭಾನುವಾರದ ವಿಷಯ. ನಮ್ಮಲ್ಲಿ ಸ್ಯಾಂಡ್‌ವಿಚ್ ನಿಯಮ ಇದೆ, ಶುಕ್ರವಾರನೂ ಸೋಮವಾರನೂ ರಜೆ ಇದ್ರೆ ನಡುವಿನ ಎರಡು ದಿನನೂ ರಜೆ ಲೆಕ್ಕಕ್ಕೆ ಹೋಗುತ್ತೆ. ಒಂಬತ್ತೂ ದಿನ ಒಟ್ಟಿಗೆ ಹಾಕಿದ್ರೆ ಹನ್ನೊಂದು ಕಳೀತಿದ್ರು. ಶುಕ್ರವಾರ ಕೆಲಸದ ದಿನ ಅಂತ ಇಟ್ಟಿದ್ದು ಅದಕ್ಕೇ. ಸೋಮವಾರದ ಅರ್ಧ ರಜೆಯಿಂದ ತೊಂದರೆ ಆಗಲ್ಲ ಅಂತ ಎಚ್‌ಆರ್ ಕೈಲಿ ಮೇಲಲ್ಲೇ ಬರೆಸಿಕೊಂಡೆ, ಬಾಯಿಮಾತಲ್ಲಿ ಹೇಳಿದ್ದು ಸಂಬಳದ ದಿನ ಸಿಸ್ಟಮ್‌ಗೆ ಗೊತ್ತಿರಲ್ಲ.

ನಡುವಿನ ದಿನಗಳಲ್ಲಿ ಕಷ್ಟ ಆಗಿದ್ದು ಹೊತ್ತಿನ ವಿಷಯ. ಎರಡು ಗಂಟೆಗೆ ಸಿಗ್ತೀನಿ ಅಂತ ಹೇಳೋಹಾಗಿಲ್ಲ, ಪುರೋಹಿತರಿಗೆ ಅವತ್ತು ಇನ್ನೊಂದು ಮನೆ ಇದ್ರೆ ತಡ ಆಗುತ್ತೆ, ಒಂಬತ್ತನೇ ದಿನ ನಾನು ಎಲೆ ಮುಂದೆ ಕೂತಾಗ ಮೂರು ಗಂಟೆ ದಾಟಿತ್ತು. ನಾಲ್ಕರ ಮೇಲೆ ಅಂತ ಹೇಳಿದ್ದಕ್ಕೆ ಉಳ್ಕೊಂಡೆ. ಮತ್ತೆ, ಅರ್ಜೆಂಟ್ ಇದ್ರೆ ಫೋನ್ ಮಾಡಿ ಅಂತ ಬರೀಬೇಡಿ. ನೀರಿಗಿಳಿದು ಬಂದು ಒದ್ದೆ ಪಂಚೇಲಿ ಕೂತಿರ್ತೀವಿ, ಬೆರಳಿಗೆ ದರ್ಭೆ ಪವಿತ್ರ, ಕೈಯೆಲ್ಲ ಎಳ್ಳು, ಫೋನ್ ಇಟ್ಕೊಳ್ಳೋಕೆ ಜಾಗನೂ ಇಲ್ಲ, ಮುಟ್ಟೋಹಾಗೂ ಇಲ್ಲ. ನನ್ನ ಕೆಲಸ ನೋಡ್ಕೊಳ್ಳೋರ ಹೆಸರು, ಯಾವ ಕೆಲಸ ಎಲ್ಲಿಗೆ ನಿಂತಿದೆ ಅಂತ ನಾಲ್ಕು ಸಾಲು, ಇವೆರಡನ್ನ ಮೇಲ್ ಕೊನೇಲಿ ಹಾಕಿದ್ದೆ. ಒಂದೂ ಫೋನ್ ಬರ್ಲಿಲ್ಲ.

ಎಚ್‌ಆರ್ ಮೊದಲು ಆಗಲ್ಲ ಅಂತ ಬರೆದ್ರು. ಮ್ಯಾನೇಜರ್ ನನ್ನ ಮೇಲ್‌ನೇ ಮುಂದಕ್ಕೆ ಕಳಿಸಿ, ಇವರು ಮಗನ ಸ್ಥಾನದಲ್ಲಿ ನಿಂತು ಕ್ರಿಯೆ ಮಾಡ್ತಿದಾರೆ ಅಂತ ಒಂದು ಸಾಲು ಸೇರಿಸಿದ್ಮೇಲೆ ಇದೊಂದು ಸಲಕ್ಕೆ ಅಂತ ಮೂರು ದಿನ ಸಾವಿನ ರಜೆ ಕೊಟ್ರು. ನನ್ನ ಗಳಿಕೆ ರಜೇಲಿ ಹೋಗಿದ್ದು ಮೂರೂವರೆ ದಿನ. ಕೊಡದೇ ಇದ್ದಿದ್ರೆ ಆರೂವರೆ ಆಗ್ತಿತ್ತು, ಅದಕ್ಕೂ ಖಾತೇಲಿ ಇತ್ತು. ಇಲ್ಲದೋರು ಸಂಬಳ ಕಡಿತದ ರಜೆ ಅಂತ ಎಷ್ಟು ದಿನ ಆಗುತ್ತೆ ಅನ್ನೋದನ್ನ ಮೇಲಲ್ಲೇ ಹೇಳಿ ಒಪ್ಪಿಗೆ ತಗೊಳ್ಳಿ, ಹೇಳದೆ ಉಳಿದ್ರೆ ಅದು ಗೈರುಹಾಜರಿ ಅಂತ ದಾಖಲಾಗುತ್ತೆ.

ಎಲ್ಲರ ಮನೆ ಲೆಕ್ಕ ಒಂದೇ ಅಲ್ಲ. ನಮ್ಮ ಟೀಮಲ್ಲಿ ಮಂಡ್ಯ ಕಡೆ ಹುಡುಗ ಒಬ್ಬ ಇದಾನೆ, ಅವರಲ್ಲಿ ಮೂರನೇ ದಿನ ಹಾಲುತುಪ್ಪ, ಹನ್ನೊಂದನೇ ದಿನ ತಿಥಿ. ಅವನ ಚಿಕ್ಕಪ್ಪ ಹೋದಾಗ ಒಂದು ವಾರ ಒಟ್ಟಿಗೆ ಕೇಳೋ ಬದಲು ಬಿಡಿಬಿಡಿಯಾಗಿ ಕೇಳಿ ಸಲೀಸಾಗಿ ಮುಗಿಸಿದ.

ಕರ್ತೃ ಆದೋರಿಗೆ ಹದಿಮೂರಕ್ಕೆ ಮುಗಿಯಲ್ಲ, ವರ್ಷಪೂರ್ತಿ ಮಾಸಿಕ ಇರುತ್ತೆ, ಅದು ತಿಥಿ ಪ್ರಕಾರ ಬರೋದ್ರಿಂದ ಯಾವ ವಾರ ಬೇಕಾದ್ರೂ ಬೀಳುತ್ತೆ. ಕೆಲಸಕ್ಕೆ ವಾಪಸ್ ಬಂದ ದಿನವೇ ಪುರೋಹಿತರ ಹತ್ರ ವರ್ಷದ ತಾರೀಖೆಲ್ಲ ಬರೆಸಿಕೊಂಡು, ವಾರದ ನಡುವೆ ಬೀಳೋವನ್ನ ಮ್ಯಾನೇಜರ್ ಕ್ಯಾಲೆಂಡರ್‌ಗೆ ಹಾಕಿದೀನಿ, ಬೆಳಿಗ್ಗೆ ಅರ್ಧ ದಿನ ಅಂತ.