ಕ್ಯಾಶ್‌ಲೆಸ್ ಬೇಡ ಅಂದ್ರು, ಕ್ಲೇಮ್ ಬೇಡ ಅನ್ನಲಿಲ್ಲ

ಅಣ್ಣನಿಗೆ ಪಿತ್ತಕೋಶದಲ್ಲಿ ಕಲ್ಲು. ರಾತ್ರಿ ಹೊಟ್ಟೆನೋವು ತಡೆಯಲಾರದೆ ಬಾಗಲಕೋಟೆ ನವನಗರದ ಒಂದು ಆಸ್ಪತ್ರೆಗೆ ಸೇರಿಸಿದೆವು. ನಮ್ಮ ಇನ್ಶೂರೆನ್ಸ್ ಕಂಪನಿಯ ನೆಟ್‌ವರ್ಕ್ ಪಟ್ಟಿಯಲ್ಲಿ ಆ ಆಸ್ಪತ್ರೆ ಇತ್ತು. ಮರುದಿನ ಇನ್ಶೂರೆನ್ಸ್ ಡೆಸ್ಕಿನ ಹುಡುಗ ಬಂದು, "ಸರ್ರ, ನಿಮ್ಮದು ರಿಜೆಕ್ಟ್ ಆಗೇತ್ರಿ, ರೊಕ್ಕ ತುಂಬಬೇಕಾಗತೈತ್ರಿ" ಅಂದ. ವೈನಿ ಅಲ್ಲೇ ಕುಸಿದು ಕೂತರು. ಪಾಲಿಸಿಯೇ ಹೋಯಿತು ಅಂತ ಅವರು ತಿಳಿದಿದ್ದರು.

ನಾನು ಮೊದಲು ಕೇಳಿದ್ದು ನಿರಾಕರಣೆ ಪತ್ರದ ಪ್ರತಿ. ಬಾಯಿಮಾತಿನ ಸುದ್ದಿಯಿಂದ ಏನೂ ಆಗಲ್ಲ. ಆ ಪತ್ರದಲ್ಲಿ ಎರಡು ವಿಷಯ ನೋಡಬೇಕು. ಒಂದು, ನಿರಾಕರಿಸಿದ್ದು ಕ್ಯಾಶ್‌ಲೆಸ್ ಸೌಲಭ್ಯವನ್ನು, ಅಂದ್ರೆ ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಹಣ ಕಟ್ಟೋದನ್ನು ಮಾತ್ರವಾ ಅನ್ನೋದು. ಸಾಮಾನ್ಯವಾಗಿ ಕೆಳಗೆ ಸಣ್ಣ ಅಕ್ಷರದಲ್ಲಿ, ಬಿಲ್ ಕಟ್ಟಿ ಆಮೇಲೆ ದಾಖಲೆ ಸಮೇತ ರಿಯಿಂಬರ್ಸ್‌ಮೆಂಟ್ ಕೇಳಬಹುದು ಅಂತ ಇರುತ್ತದೆ. ನಮ್ಮದರಲ್ಲೂ ಇತ್ತು. ಇನ್ನೊಂದು, ಕಾರಣ. ಎಲ್ಲ ನಿಂತಿರೋದು ಇದರ ಮೇಲೆ.

ಪಾಲಿಸಿಯಲ್ಲಿ ಆ ಕಾಯಿಲೆಗೆ ಕಾಯುವ ಅವಧಿ ಮುಗಿದಿಲ್ಲ, ಇಲ್ಲವೇ ಆ ಚಿಕಿತ್ಸೆಯೇ ಪಾಲಿಸಿಯಲ್ಲಿ ಸೇರಿಲ್ಲ ಅಂತ ಬರೆದಿದ್ದರೆ, ರಿಯಿಂಬರ್ಸ್‌ಮೆಂಟ್‌ನಲ್ಲೂ ಬಹುತೇಕ ಅದೇ ಉತ್ತರ ಬರುತ್ತದೆ. ಆದರೆ "ಮಾಹಿತಿ ಸಾಲದು", "ಹಳೇ ಕಾಯಿಲೆಯ ಅವಧಿ ಸ್ಪಷ್ಟವಿಲ್ಲ", "ಕೇಳಿದ ಪ್ರಶ್ನೆಗೆ ಆಸ್ಪತ್ರೆ ಉತ್ತರಿಸಿಲ್ಲ" ಅನ್ನೋ ಥರದ ಕಾರಣವಿದ್ದರೆ ಬಾಗಿಲು ತೆರೆದೇ ಇದೆ ಅಂತ ಅರ್ಥ. ಕ್ಯಾಶ್‌ಲೆಸ್ ಅರ್ಜಿಗೆ 1 ಗಂಟೆಯೊಳಗೆ ತೀರ್ಮಾನ ಕೊಡಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಹೇಳಿದೆ. ಅನುಮಾನ ಇರೋ ಕೇಸನ್ನು ಅಷ್ಟರಲ್ಲಿ ಬಿಡಿಸುವ ಬದಲು, ಆಮೇಲೆ ನೋಡೋಣ ಅಂತ ಬದಿಗಿಡೋದು ಅವರಿಗೆ ಸುಲಭ ಅಂತ ನನ್ನ ಅನಿಸಿಕೆ.

ನಮ್ಮ ಪತ್ರದಲ್ಲಿದ್ದ ಕಾರಣ ಹೀಗಿತ್ತು: ರೋಗಿಗೆ 8 ವರ್ಷದಿಂದ ಬಿಪಿ, ಪಾಲಿಸಿ ತೆಗೆದುಕೊಳ್ಳುವಾಗ ತಿಳಿಸಿಲ್ಲ. ಪಾಲಿಸಿ 2021ರದ್ದು, ಆಪರೇಷನ್ 2025ರಲ್ಲಿ. ಕಲ್ಲಿನ ಆಪರೇಷನ್‌ಗೆ ಇದ್ದ 2 ವರ್ಷದ ಕಾಯುವ ಅವಧಿ ಮುಗಿದಿತ್ತು. ಅಣ್ಣನಿಗೆ ಬಿಪಿ ಗೊತ್ತಾಗಿದ್ದು 2023ರಲ್ಲಿ. ಹಾಗಾದರೆ 8 ವರ್ಷ ಎಲ್ಲಿಂದ ಬಂತು? ದಾಖಲಾದ ರಾತ್ರಿ ಡ್ಯೂಟಿ ಡಾಕ್ಟರ್ ಕೇಳಿದಾಗ, ಪಕ್ಕದಲ್ಲಿದ್ದ ಅಣ್ಣನ ಮಗ "ಏಳೆಂಟು ವರ್ಷ ಆಗಿರಬೇಕ್ರಿ" ಅಂದಿದ್ದ. ಅದೇ ಕೇಸ್ ಶೀಟಿಗೆ ಹೋಗಿತ್ತು.

ಬಿಪಿಗೂ ಪಿತ್ತಕೋಶದ ಕಲ್ಲಿಗೂ ಏನು ಸಂಬಂಧ ಅಂತ ಕೇಳಬಹುದು. ಅವರ ತಕರಾರು ಸಂಬಂಧದ್ದಲ್ಲ, ಮುಚ್ಚಿಟ್ಟಿದ್ದೀರಿ ಅನ್ನೋದು. ಪಾಲಿಸಿ ಸತತವಾಗಿ 60 ತಿಂಗಳು ನಡೆದ ಮೇಲೆ, ಮೋಸ ಅಂತ ಸಾಬೀತು ಮಾಡದೆ ಈ ಕಾರಣ ಎತ್ತುವಂತಿಲ್ಲ. ನಮಗೆ ಇನ್ನೂ ಅಷ್ಟು ಆಗಿರಲಿಲ್ಲ.

ಇಲ್ಲಿ ಒಂದು ಮಾತು. ಕೇಸ್ ಶೀಟಿನಲ್ಲಿ 8 ಹೊಡೆದು 2 ಬರೆಯಿರಿ ಅಂತ ಯಾರಿಗೂ ಹೇಳಬಾರದು. ತಿದ್ದಿದ ಕೇಸ್ ಶೀಟ್ ಕಂಡರೆ ಸಣ್ಣ ಅನುಮಾನ ದೊಡ್ಡದಾಗುತ್ತದೆ. ಮೂಲ ಹಾಗೇ ಇರಲಿ. ನಾವು ಮನೆಯಿಂದ ಬಿಪಿಯ ಮೊದಲ ಚೀಟಿ ತರಿಸಿದೆವು. ಅದರಲ್ಲಿ 2023ರ ತಾರೀಖು, ಆಗ ತಾನೇ ಪತ್ತೆಯಾದದ್ದು ಅಂತ ಡಾಕ್ಟರ್ ಬರೆದ ಸಾಲು ಎರಡೂ ಇದ್ದವು. ಅದನ್ನು ತೋರಿಸಿದ ಮೇಲೆ ಆಪರೇಷನ್ ಮಾಡಿದ ಸರ್ಜನ್ ತಮ್ಮ ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟರು: ದಾಖಲಾಗುವಾಗ ಸಂಬಂಧಿಕರ ಮಾತಿನ ಮೇಲೆ 8 ವರ್ಷ ಅಂತ ಬರೆಯಲಾಗಿತ್ತು, ಹಳೇ ಚೀಟಿ ನೋಡಿದಾಗ ಬಿಪಿ ಪತ್ತೆಯಾಗಿದ್ದು 2023ರಲ್ಲಿ. ಸಹಿ, ಸೀಲು, ತಾರೀಖು, ಅವರ ನೋಂದಣಿ ಸಂಖ್ಯೆ, ಎಲ್ಲ ಇತ್ತು. ನಿಜವಾಗಿಯೂ 8 ವರ್ಷ ಆಗಿದ್ದರೆ ಈ ದಾರಿ ಇಲ್ಲ, ಸುಮ್ನೆ ಡಾಕ್ಟರನ್ನು ಪೇಚಿಗೆ ಸಿಲುಕಿಸಬೇಡಿ.

ಆ ಪತ್ರ ಹಾಕಿ ಕ್ಯಾಶ್‌ಲೆಸ್ಸನ್ನೇ ಇನ್ನೊಮ್ಮೆ ಕೇಳಿದೆವು. ಡಿಸ್ಚಾರ್ಜ್ ಹೊತ್ತಿಗೂ ಒಪ್ಪಲಿಲ್ಲ. ಸೊಸೈಟಿಯಲ್ಲಿ ಬಂಗಾರ ಇಟ್ಟು ಹಣ ತಂದೆವು.

ಹಣ ಕಟ್ಟುವ ಮುಂಚೆ ಬಿಲ್ ನೋಡಿ. ಕ್ಯಾಶ್‌ಲೆಸ್ ಹೋದ ತಕ್ಷಣ ಕೆಲವು ಕಡೆ ನೆಟ್‌ವರ್ಕ್ ದರ ಬಿಟ್ಟು ಮಾಮೂಲಿ ದರ ಹಾಕುತ್ತಾರೆ. ನಮಗೆ ಮೊದಲು ತೋರಿಸಿದ್ದು 1,08,000 ರೂಪಾಯಿ. ಕಂಪನಿ ಜೊತೆ ಒಪ್ಪಿದ ದರದಲ್ಲೇ ಮಾಡಿ, ನಾವು ಅದೇ ಕಂಪನಿಗೆ ಕ್ಲೇಮ್ ಹಾಕ್ತೀವಿ ಅಂತ ಬಿಲ್ಲಿಂಗ್ ಮ್ಯಾನೇಜರ್ ಹತ್ತಿರ ಕೂತು ಕೇಳಿದ ಮೇಲೆ 94,600ಕ್ಕೆ ಇಳಿಯಿತು. ಎಲ್ಲರೂ ಒಪ್ಪಲ್ಲ, ಆದರೂ ಕೇಳಬೇಕು. ಕಂಪನಿ ಹೆಚ್ಚಿನ ದರ ಕೊಡದಿದ್ದರೆ ಆ ವ್ಯತ್ಯಾಸ ನಮ್ಮ ತಲೆ ಮೇಲೆ ಬೀಳುತ್ತದೆ. "ಪ್ಯಾಕೇಜ್" ಅಂತ ಒಂದೇ ಸಾಲಿನ ಬಿಲ್ ಕೊಟ್ಟರೆ ತೆಗೆದುಕೊಳ್ಳಬೇಡಿ. ರೂಮು, ಸರ್ಜನ್, ಅರಿವಳಿಕೆ, ಓಟಿ, ಔಷಧ, ಲ್ಯಾಬ್ ಬೇರೆ ಬೇರೆ ಬರೆದಿರಬೇಕು. ಹಣ ಕಾರ್ಡ್ ಅಥವಾ ಯುಪಿಐನಲ್ಲಿ ಕಟ್ಟಿದರೆ ಬ್ಯಾಂಕ್ ಸ್ಟೇಟ್‌ಮೆಂಟೇ ಸಾಕ್ಷಿ. ಮೊದಲು ಕಟ್ಟಿದ ಅಡ್ವಾನ್ಸಿನ ರಸೀದಿಯನ್ನೂ ಬಿಡಬೇಡಿ.

ಡಿಸ್ಚಾರ್ಜ್ ಸಮ್ಮರಿಗೆ ಸಹಿ ಬೀಳುವ ಮುಂಚೆ ಕರಡು ಓದಿ. ನಮ್ಮದರಲ್ಲಿ ಅದೇ 8 ವರ್ಷ ಕಂಪ್ಯೂಟರಿನಿಂದ ಮತ್ತೆ ಬಂದಿತ್ತು. ಸಹಿ ಆಗದ ಕರಡು ಆದ್ದರಿಂದ ಸರ್ಜನ್ ಹೇಳಿ ಸರಿಪಡಿಸಿಕೊಟ್ಟರು. ಊರಿಗೆ ಹೋದ ಮೇಲೆ ಇಂಥದ್ದಕ್ಕೆ ಮತ್ತೆ ಓಡಾಡೋದು ಜಾಸ್ತಿ ಕಷ್ಟ, ಅಲ್ವಾ? ಕ್ಲೇಮ್ ಫಾರ್ಮಿನ ಪಾರ್ಟ್ ಬಿ ತುಂಬಬೇಕಾದದ್ದು ಆಸ್ಪತ್ರೆ. ಅದನ್ನೂ ಅವತ್ತೇ ಸೀಲು ಹಾಕಿಸಿಕೊಂಡೆವು. ಆಸ್ಪತ್ರೆಯ ನೋಂದಣಿ ಸಂಖ್ಯೆ, ಹಾಸಿಗೆಗಳ ಸಂಖ್ಯೆಯ ಜಾಗ ಖಾಲಿ ಬಿಟ್ಟಿದ್ದರು, ಹೇಳಿ ತುಂಬಿಸಿದೆವು. ಕೇಸ್ ಶೀಟಿನ ಪೂರ್ತಿ ಜೆರಾಕ್ಸಿಗೂ ಆಗಲೇ ಅರ್ಜಿ ಕೊಟ್ಟೆವು.

ಕ್ಯಾಶ್‌ಲೆಸ್ ಅರ್ಜಿ ಹೋಗಿದೆಯಲ್ಲ, ಕಂಪನಿಗೆ ಗೊತ್ತೇ ಇದೆ ಅಂತ ಕೂರಬಾರದು. ರಿಯಿಂಬರ್ಸ್‌ಮೆಂಟ್ ಕ್ಲೇಮ್ ಹಾಕ್ತೀವಿ ಅಂತ ಬೇರೆಯಾಗಿ ಇಮೇಲ್ ಕಳಿಸಬೇಕು, ಅದರಲ್ಲಿ ಹಳೇ ಅರ್ಜಿಯ ನಂಬರ್ ಇರಬೇಕು. ನಾನು ಅಣ್ಣ ಇನ್ನೂ ಬೆಡ್ ಮೇಲಿದ್ದಾಗಲೇ ಕಳಿಸಿದೆ. ದಾಖಲೆ ತಲುಪಿಸೋಕೆ ಕೆಲವು ಪಾಲಿಸಿಯಲ್ಲಿ ಡಿಸ್ಚಾರ್ಜಿನಿಂದ 15 ದಿನ, ಕೆಲವದರಲ್ಲಿ 30 ದಿನ ಇರುತ್ತದೆ. ನಿಮ್ಮ ಪುಸ್ತಕದಲ್ಲಿ ನೋಡಿಕೊಳ್ಳಿ. ಕ್ಯಾಶ್‌ಲೆಸ್ ಮೊದಲು ಸ್ವಲ್ಪ ಮಂಜೂರಾಗಿ ಆಮೇಲೆ ನಿಂತಿದ್ದರೆ, ಅದನ್ನು ಬಳಸಿಲ್ಲ, ರದ್ದಾಗಿದೆ ಅಂತ ಆಸ್ಪತ್ರೆಯಿಂದ ಪತ್ರ ಬೇಕು. ಇಲ್ಲದಿದ್ದರೆ ಅಷ್ಟು ಹಣ ಆಸ್ಪತ್ರೆಗೆ ಹೋಗಬೇಕಾದದ್ದು ಅಂತ ಲೆಕ್ಕದಲ್ಲಿ ಉಳಿದುಬಿಡುತ್ತದೆ.

ಮೂಲ ಬಿಲ್ಲುಗಳೆಲ್ಲ ಹೋಗಬೇಕು. ಹಾಗಾಗಿ ಪ್ರತಿ ಹಾಳೆಯನ್ನೂ ಸ್ಕ್ಯಾನ್ ಮಾಡಿ, ನಂಬರ್ ಹಾಕಿ, ಮೇಲೊಂದು ಪಟ್ಟಿ ಇಟ್ಟು ಸ್ಪೀಡ್ ಪೋಸ್ಟ್ ಮಾಡಿದೆ. ಪಟ್ಟಿಯ ಮೇಲ್ಗಡೆಯೇ ನಿರಾಕರಣೆ ಪತ್ರ, ಅದರ ಹಿಂದೆ ಸರ್ಜನ್ ಪತ್ರ, ಅದರ ಹಿಂದೆ 2023ರ ಚೀಟಿ. ಓದುವವನಿಗೆ ಮೊದಲ ಅನುಮಾನಕ್ಕೆ ಉತ್ತರ ಮೊದಲೇ ಸಿಗಲಿ ಅಂತ. ಆದರೂ ಕೇಸ್ ಶೀಟ್ ಕಳಿಸಿ ಅಂತ ಒಂದು ಪ್ರಶ್ನೆ ಬಂತು. ಜೆರಾಕ್ಸ್ ಕೈಯಲ್ಲೇ ಇತ್ತು, ಅವತ್ತೇ ಕಳಿಸಿದೆ. ಅದರಲ್ಲಿ 8 ವರ್ಷ ಅಂತ ಹಾಗೇ ಇತ್ತು, ಸರ್ಜನ್ ಪತ್ರ ಅದನ್ನು ವಿವರಿಸಿತ್ತು.

ಕೊನೆಗೆ 88,250 ರೂಪಾಯಿ ಅಣ್ಣನ ಖಾತೆಗೆ ಬಂತು. ಕಡಿದಿದ್ದು 6,350. ಕೈಗವಸು, ಅಡ್ಮಿಷನ್ ಚಾರ್ಜ್, ಜೊತೆಗಿದ್ದವರ ಊಟ, ಇಂಥವು. ಅದಕ್ಕೆ ನಾವು ತಕರಾರು ತೆಗೆಯಲಿಲ್ಲ. ಪಾಲಿಸಿಯಲ್ಲೇ ಅವು ಸೇರಿಲ್ಲ.

ಪೂರ್ತಿ ತಿರಸ್ಕಾರ ಬಂದಿದ್ದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕಿತ್ತು. ಅಲ್ಲಿ ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದದ್ದು ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಹತ್ತಿರ ಒಂದು ವರ್ಷದೊಳಗೆ ಹೋಗಬಹುದು. ಅಲ್ಲಿ ವಕೀಲರು ಬೇಕಿಲ್ಲ, ಶುಲ್ಕವೂ ಇಲ್ಲ. ಆಗಲೂ ಇದೇ ಕಾಗದದ ಕಟ್ಟು ಬೇಕಾಗುತ್ತದೆ, ಆದ್ದರಿಂದ ಸ್ಕ್ಯಾನ್ ಅಳಿಸಬೇಡಿ. ಡಿಸ್ಚಾರ್ಜ್ ಆದ ಮೇಲಿನ ಮಾತ್ರೆ, ಮರುತಪಾಸಣೆಯ ಬಿಲ್ಲುಗಳನ್ನು ಇದರಲ್ಲಿ ಸೇರಿಸಿರಲಿಲ್ಲ. ನಮ್ಮ ಪಾಲಿಸಿಯಲ್ಲಿ ಅದಕ್ಕೆ 60 ದಿನ ಇತ್ತು. ಅದು ಮುಗಿದ ಮೇಲೆ ಡಾಕ್ಟರ ಚೀಟಿಗಳ ಸಮೇತ ಅದೇ ಕ್ಲೇಮ್ ನಂಬರಿಗೆ ಬೇರೆಯಾಗಿ ಕಳಿಸಿದೆವು.